ದುಡಿಯುವ ಕೈ ಇಲ್ಲವಾದ ಮೇಲೆ: ನೆರವಿನ ಮನವಿಯಲ್ಲಿ ಬಾಕಿಯ ಲೆಕ್ಕ

ರೋಗಿ ಬದುಕಿರುವಾಗ ನೆರವು ಕೇಳುವವರಿಗೆ ‘ಜೀವ ಉಳಿಸಿ’ ಎಂಬ ಮಾತಿನ ಬಲವಿರುತ್ತದೆ. ಆತ ತೀರಿಕೊಂಡ ಮೇಲೆ ಆ ಮಾತಿಗೆ ಅರ್ಥವಿಲ್ಲ. ಉಳಿಯುವುದು ಸಾಲ ಮಾತ್ರ. ಆ ಜಾಗವನ್ನು ತುಂಬಲು ಬರೆಯುವವರು ಸಾಮಾನ್ಯವಾಗಿ ಗೋಳಿನ ವರ್ಣನೆಗೆ ಕೈಹಾಕಿ, ಕೊನೆಗೆ ‘ಕೈಲಾದಷ್ಟು ಸಹಾಯ ಮಾಡಿ’ ಎಂದು ಮುಗಿಸುತ್ತಾರೆ. ಇಂಥ ಮನವಿ ಗೋಳಿಗಿಂತ ಬಾಕಿಯ ಲೆಕ್ಕದ ಮೇಲೆ ನಿಲ್ಲಬೇಕು ಎಂಬುದು ಈ ಲೇಖನದ ವಾದ.

ಇದಕ್ಕೆ ಎದುರಾಗುವ ಪ್ರಬಲ ಆಕ್ಷೇಪ 2007ರ ಒಂದು ಪ್ರಯೋಗದಿಂದ ಬರುತ್ತದೆ. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್ ಅವರು ಹಸಿದ ಒಬ್ಬ ಬಾಲಕಿಯ ವಿವರವನ್ನು ಕೆಲವರಿಗೂ ಬರಗಾಲದ ಅಂಕಿಅಂಶಗಳನ್ನು ಇನ್ನು ಕೆಲವರಿಗೂ ಕೊಟ್ಟು ದೇಣಿಗೆ ಕೇಳಿದರು. ಬಾಲಕಿಗೆ ಹೆಚ್ಚು ಹಣ ಬಂತು. ಅವಳ ವಿವರದ ಜೊತೆಗೆ ಅಂಕಿಅಂಶ ಸೇರಿಸಿದಾಗ ದೇಣಿಗೆ ತಗ್ಗಿತು. ಹಾಗಾದರೆ ಲೆಕ್ಕವೇ ಕರುಣೆಯನ್ನು ಕೊಲ್ಲುತ್ತದೆಯೇ? ಇಲ್ಲ. ಅಲ್ಲಿದ್ದದ್ದು ಲಕ್ಷಾಂತರ ಜನರ ಸಂಕಟದ ಸಂಖ್ಯೆ. ಕೊಡುವವನ ನೂರು ರೂಪಾಯಿ ಅದರಲ್ಲಿ ಕಾಣದೆ ಹೋಗುತ್ತದೆ. ಒಂದೇ ಮನೆಯ ಬಾಕಿಯಲ್ಲಿ ಅದೇ ನೂರು ರೂಪಾಯಿ ಕಣ್ಣಿಗೆ ಕಾಣುತ್ತದೆ. ಸಿಂಥಿಯಾ ಕ್ರೈಡರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವೂ ಹಣ ಯಾವುದಕ್ಕೆ ಹೋಗುತ್ತದೆಂಬ ನಿರ್ದಿಷ್ಟ ವಿವರ ಔದಾರ್ಯವನ್ನು ಹೆಚ್ಚಿಸುತ್ತದೆ ಎಂದೇ ತೋರಿಸಿತು.

ಒಂದು ಮಾದರಿಯನ್ನು ಕಲ್ಪಿಸಿಕೊಳ್ಳೋಣ. ಆಟೋ ಓಡಿಸುತ್ತಿದ್ದವನು ತೀರಿಕೊಂಡಿದ್ದಾನೆ. ಆಸ್ಪತ್ರೆ ಬಿಲ್ಲು 3,40,000 ರೂಪಾಯಿ, ಕಟ್ಟಿದ್ದು 1,90,000, ಬಾಕಿ 1,50,000. ಅಂತ್ಯಕ್ರಿಯೆಗೆ ಕೈಸಾಲ 32,000. ಬೇಕಾದದ್ದು 1,82,000. ಮನವಿಯ ಮೊದಲ ವಾಕ್ಯದಲ್ಲಿ ಸಾವು, ಎರಡನೆಯದರಲ್ಲಿ ಈ ಮೊತ್ತ ಬರಲಿ. ಆಸ್ಪತ್ರೆಯ ಬಾಕಿಯನ್ನೂ ಕೈಸಾಲವನ್ನೂ ಬೇರೆಬೇರೆಯಾಗಿ ಬರೆಯಬೇಕು, ಏಕೆಂದರೆ ಮೊದಲನೆಯದಕ್ಕೆ ಬಿಲ್ಲಿನ ಸಾಕ್ಷ್ಯವಿದೆ, ಎರಡನೆಯದಕ್ಕೆ ಬಹುಪಾಲು ಬಾಯಿಮಾತೇ ಆಧಾರ. ಬಡತನ ರೇಖೆಗಿಂತ ಕೆಳಗಿನ ಕುಟುಂಬವಾಗಿದ್ದು ಮೃತನ ವಯಸ್ಸು 18ರಿಂದ 59ರೊಳಗಿದ್ದರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಡಿ 20,000 ರೂಪಾಯಿಗೆ ಅರ್ಜಿ ಹಾಕಬಹುದು. ಹಾಕಿದ್ದರೆ ಹಾಗೆಂದು ಬರೆಯಬೇಕು. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಉಳಿದ ಲೆಕ್ಕದ ಮೇಲೂ ಅನುಮಾನ ಬೀಳುತ್ತದೆ. ‘ಹಣ ಕಟ್ಟದೆ ಹೆಣ ಕೊಡುತ್ತಿಲ್ಲ’ ಎಂಬ ಸಾಲು ನಿಜವೇ ಆಗಿದ್ದರೆ ಅದು ಮನವಿಗಿಂತ ಮೊದಲು ದೂರಿಗೆ ವಿಷಯ: ಬಾಕಿಯ ನೆಪದಲ್ಲಿ ಶವ ತಡೆಹಿಡಿಯುವುದನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದು ಒಪ್ಪುವುದಿಲ್ಲ.

ಮನೆಯ ಲೆಕ್ಕವನ್ನು ಊರಿನ ಮುಂದೆ ಹರಡಿದರೆ ಮಾನ ಹೋಗುವುದಿಲ್ಲವೇ ಎಂಬ ಪ್ರಶ್ನೆ ಹಗುರವಾದುದಲ್ಲ. ಆದರೆ ಮಾನ ಹೆಚ್ಚು ಹೋಗುವುದು ಹೆಂಡತಿ ಮಕ್ಕಳ ಅಳುವ ಚಿತ್ರದಿಂದ, ಕಾಯಿಲೆಯ ಬಣ್ಣನೆಯಿಂದ. ಬಾಕಿಯ ಲೆಕ್ಕಕ್ಕೆ ಅವೆರಡೂ ಬೇಕಾಗಿಲ್ಲ. ಮೇಲಾಗಿ ಇಂಥ ಮನವಿಗೆ ಮೊದಲು ಸ್ಪಂದಿಸುವವರು ಆಟೋ ನಿಲ್ದಾಣದ ಗೆಳೆಯರು, ನೆಂಟರು, ಬೀದಿಯವರು. ಮೃತನು ಎಂಥವನೆಂದು ಅವರಿಗೆ ಹೊಸದಾಗಿ ಹೇಳಬೇಕಿಲ್ಲ. ಅವರ ಅನುಮಾನವೆಲ್ಲ ಹಣ ಯಾರ ಕೈಸೇರುತ್ತದೆ ಎಂಬುದರ ಬಗ್ಗೆ. ಆದ್ದರಿಂದ ಖಾತೆ ಯಾರ ಹೆಸರಿನಲ್ಲಿದೆ, ಅವರು ಮೃತನಿಗೆ ಏನಾಗಬೇಕು ಎಂಬುದನ್ನು ಬರೆದು, ಕೊನೆಯಲ್ಲಿ ಹೀಗೆ ಸೇರಿಸಬಹುದು: ‘1,82,000 ತುಂಬಿದ ದಿನ ತಿಳಿಸುತ್ತೇವೆ, ಆಮೇಲೆ ಹಣ ಕಳಿಸಬೇಡಿ.’