ಎಣ್ಣೆಯಲ್ಲಿ ಅದ್ದಿದ ಉಕ್ಕಿನ ತಟ್ಟೆ ತಣಿಯುವ ಕಾಲ (ಲಂಪ್ಡ್ ಸಿಸ್ಟಮ್ ವಿಧಾನ)

ಕಾಯಿಸಿದ ಉಕ್ಕಿನ ತಟ್ಟೆಯನ್ನು ಎಣ್ಣೆಗೆ ಇಳಿಸಿದಾಗ ಅದರ ಒಳಗೂ ಹೊರಗೂ ಪ್ರತಿ ಕ್ಷಣ ಒಂದೇ ತಾಪವಿರುತ್ತದೆಂದು ಭಾವಿಸಿ, ತಣಿಯುವ ಕಾಲವನ್ನು ಲೆಕ್ಕಹಾಕುವ ವಿಧಾನ. ಶಾಖವು ತಟ್ಟೆಯ ಮೈಯಿಂದ ಎಣ್ಣೆಗೆ ದಾಟುವುದಕ್ಕಿಂತ ಒಳಗಿನಿಂದ ಮೈಗೆ ಬರುವುದು ಬಹಳ ಸುಲಭವಾಗಿದ್ದರೆ ಮಾತ್ರ ಈ ಭಾವನೆ ಸಲ್ಲುತ್ತದೆ. ಇದನ್ನು ಅಳೆಯುವುದು ಬಯೋ ಸಂಖ್ಯೆ, Bi = hL/k. ಎರಡೂ ಮೈಯಿಂದ ತಣಿಯುವ ತಟ್ಟೆಗೆ L ಎಂದರೆ ಅರ್ಧ ದಪ್ಪ. Bi 0.1ನ್ನು ಮೀರಬಾರದು.

10 ಮಿ.ಮೀ. ದಪ್ಪದ ತಟ್ಟೆಯನ್ನು 850°C ವರೆಗೆ ಕಾಯಿಸಿ 50°C ಎಣ್ಣೆಗೆ ಹಾಕಿದೆ ಎನ್ನೋಣ. ಉಷ್ಣವಾಹಕತೆ k = 40 W/m·K, ಎಣ್ಣೆಗೆ ಶಾಖ ದಾಟುವ ಗುಣಾಂಕದ ಸರಾಸರಿ h = 400 W/m²·K ಆದರೆ Bi = 0.05, ವಿಧಾನ ಸಲ್ಲುತ್ತದೆ. ಸಾಂದ್ರತೆ ρ = 7800 kg/m³, ವಿಶಿಷ್ಟೋಷ್ಣ c = 600 J/kg·K ಎಂದಿಟ್ಟರೆ ಕಾಲಸ್ಥಿರಾಂಕ τ = ρcL/h = 58.5 ಸೆಕೆಂಡು. ತಾಪ 150°Cಗೆ ಇಳಿಯಲು:

t = τ ln[(850−50)/(150−50)] = 58.5 × ln 8 ≈ 122 ಸೆಕೆಂಡು

ಇಲ್ಲಿ ನಿಜವಾದ ತೊಡಕು h ಒಂದೇ ಸಮ ಇರದಿರುವುದು. ಮೊದಲು ಆವಿಯ ಪೊರೆ ತಟ್ಟೆಯನ್ನು ಕವಿದು ಶಾಖವನ್ನು ತಡೆಯುತ್ತದೆ. ಪೊರೆ ಹರಿದು ಎಣ್ಣೆ ಮೈಮೇಲೆ ಕುದಿಯತೊಡಗಿದಾಗ h ಹಲವು ಪಟ್ಟು ಏರುತ್ತದೆ. 2000 ಮುಟ್ಟಿದರೆ Bi 0.25 ಆಗಿ, ಮೈ ನಡುಭಾಗಕ್ಕಿಂತ ಬೇಗ ತಣಿಯುತ್ತದೆ. ಕುದಿತ ನಿಂತ ಮೇಲೆ h ಮತ್ತೆ ಕುಸಿಯುತ್ತದೆ. ತಟ್ಟೆಯ ನಡುವೆ ಥರ್ಮೋಕಪಲ್ ಇಟ್ಟು ln(T−50)ನ್ನು ಕಾಲದೊಂದಿಗೆ ಗುರುತಿಸಿದಾಗ ಸರಳರೇಖೆ ಬರದೆ ಬಾಗಿದರೆ, ಒಂದೇ τ ಸಾಲದು. ಹಂತಕ್ಕೊಂದು h ಹಿಡಿದು ಕಾಲಗಳನ್ನು ಕೂಡಬೇಕು.