‘ಶಕ್ತಿ’ಯ ಎರಡು ಪಾರಿಭಾಷಿಕ ಚರಿತ್ರೆಗಳು

ಕನ್ನಡಕ್ಕೆ ತರಬೇಕೆಂದು ನನ್ನ ಮುಂದೆ ಬಂದದ್ದು ಹಿಂದಿ ಮಾಧ್ಯಮದ ವಿಜ್ಞಾನ ಪಠ್ಯದ ಒಂದು ಪುಟದ ಛಾಯಾಚಿತ್ರ. ಮೊಬೈಲಿನಲ್ಲಿ ತೆಗೆದದ್ದು; ಪುಟದ ಒಂದು ಅಂಚು ಮಡಿಕೆಯ ನೆರಳಿನಲ್ಲಿ ಮುಚ್ಚಿಹೋಗಿದೆ. ಅದರಲ್ಲಿರುವ ಮುಖ್ಯ ಪದಗಳು ನಾಲ್ಕು: ಬಲ, ಕಾರ್ಯ, ಊರ್ಜಾ, ಶಕ್ತಿ. ನಾಲ್ಕೂ ಸಂಸ್ಕೃತಮೂಲದವು, ಕನ್ನಡದ ಓದುಗನಿಗೆ ಪರಿಚಿತವಾದವು. ತೊಡಕಿರುವುದು ಈ ಪರಿಚಯದಲ್ಲಿಯೇ.

‘ಬಲ’ ಎರಡು ಭಾಷೆಗಳಲ್ಲಿಯೂ ಒಂದೇ ಅರ್ಥದ್ದು. ‘ಕಾರ್ಯ’ವನ್ನು ನಮ್ಮ ಪಠ್ಯಗಳು ‘ಕೆಲಸ’ ಎನ್ನುತ್ತವೆ. ಆದರೆ ಹಿಂದಿಯ ‘ಊರ್ಜಾ’ ಕನ್ನಡದಲ್ಲಿ ‘ಶಕ್ತಿ’ಯಾಗುತ್ತದೆ, ಹಿಂದಿಯ ‘ಶಕ್ತಿ’ಯಾದರೋ ‘ಸಾಮರ್ಥ್ಯ’ವಾಗುತ್ತದೆ. ಪದವನ್ನು ಇದ್ದಂತೆಯೇ ಉಳಿಸಿದರೆ ವಾಕ್ಯ ಸರಾಗವಾಗಿ ಸಾಗುತ್ತದೆ, ಭೌತವಿಜ್ಞಾನ ತಪ್ಪುತ್ತದೆ.

ಈ ಪುಟದಲ್ಲಿ ದೀಪವೊಂದರ ‘ಶಕ್ತಿ 60’ ಎಂಬಷ್ಟು ಮಾತ್ರ ಓದಲು ಸಿಗುತ್ತದೆ, ಏಕಮಾನ ನೆರಳಿನಲ್ಲಿದೆ. ಮುಂದಿನ ಸಾಲಿನಲ್ಲಿ ದೀಪ 10 ಗಂಟೆ ಉರಿದು 0.6 ಕಿಲೋವಾಟ್-ಗಂಟೆ ವ್ಯಯವಾಯಿತೆಂದಿದೆ. 60ನ್ನು 10ರಿಂದ ಗುಣಿಸಿದರೆ 600 ವಾಟ್-ಗಂಟೆ, ಅಂದರೆ 21,60,000 ಜೂಲ್. ಆದ್ದರಿಂದ ಮರೆಯಾದ ಏಕಮಾನ ವಾಟ್. ಅಲ್ಲಿಯ ಪದಕ್ಕೆ ಕನ್ನಡದಲ್ಲಿ ‘ಸಾಮರ್ಥ್ಯ’ವೇ ಸಲ್ಲುತ್ತದೆ. ‘ಶಕ್ತಿ’ ಎನ್ನಬೇಕಾದದ್ದು ಜೂಲ್‌ಗಳಲ್ಲಿ ಬಂದ ಮೊತ್ತವನ್ನು. ಇಂಥಲ್ಲಿ ನಿಘಂಟಿಗಿಂತ ಏಕಮಾನವೇ ನಂಬಿಕೆಗೆ ಅರ್ಹವಾದ ಸಾಕ್ಷಿ.

ಈ ಗೊಂದಲ ನಮ್ಮದು ಮಾತ್ರವಲ್ಲ. 1847ರಲ್ಲಿ ಹೆಲ್ಮ್‌ಹೋಲ್ಟ್ಸ್ ಶಕ್ತಿಸಂರಕ್ಷಣೆಯನ್ನು ಪ್ರತಿಪಾದಿಸಿದ ಪ್ರಬಂಧದ ಶೀರ್ಷಿಕೆಯಲ್ಲಿದ್ದುದು ‘ಕ್ರಾಫ್ಟ್’, ಎಂದರೆ ಇಂದಿನ ಜರ್ಮನ್ ಭೌತವಿಜ್ಞಾನದಲ್ಲಿ ‘ಬಲ’ವನ್ನು ಸೂಚಿಸುವ ಪದ. ‘ಎನರ್ಜಿ’ಯನ್ನು ಥಾಮಸ್ ಯಂಗ್ 1807ರಲ್ಲಿಯೇ ಬಳಸಿದ್ದರೂ ಅದು ಬೇರೂರಿದ್ದು ಶತಮಾನದ ನಡುವಿನ ನಂತರ. ಯುರೋಪಿನ ಭಾಷೆಗಳಲ್ಲಿಯೂ ಪರಿಕಲ್ಪನೆ ಮೊದಲು ಸ್ಪಷ್ಟವಾಯಿತು, ಪದಗಳ ಗಡಿ ಆಮೇಲೆ ಗೊತ್ತಾಯಿತು.

ಕೇಂದ್ರ ಸರ್ಕಾರದ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗ ಸ್ಥಾಪನೆಯಾದದ್ದು 1961ರಲ್ಲಿ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ‘ವಿಜ್ಞಾನ’ ಪತ್ರಿಕೆ ಅದಕ್ಕೂ ನಾಲ್ಕು ದಶಕಗಳ ಹಿಂದೆ, 1918ರಲ್ಲಿ, ಆರಂಭವಾಗಿತ್ತು. ಸಂಸ್ಕೃತಮೂಲವೊಂದೇ ಏಕರೂಪತೆಯನ್ನು ತರುವುದಿಲ್ಲವೆಂಬುದಕ್ಕೆ ‘ಶಕ್ತಿ’ಯೇ ನಿದರ್ಶನ. ವಿದ್ಯುಚ್ಛಕ್ತಿ, ಸೌರಶಕ್ತಿ, ಚಲನಶಕ್ತಿಗಳಲ್ಲಿ ನೆಲೆನಿಂತ ಪದವನ್ನು ಈಗ ಹಿಂದಿಯ ಜಾಡಿಗೆ ಹೊರಳಿಸುವುದು ಸಾಧುವಲ್ಲವೆಂದು ನನ್ನ ಅಭಿಪ್ರಾಯ. (ಸರ್ಕಾರದ ಇಲಾಖೆಯ ಹೆಸರಿನಲ್ಲಿ ಇದೇ ಪರಿಕಲ್ಪನೆ ‘ಇಂಧನ’ವಾಗಿರುವುದು ಬೇರೆಯ ಕಥೆ.)

ಒಂದು ಪದ ಮಾತ್ರ ಈ ವ್ಯವಸ್ಥೆಗೆ ಒಗ್ಗುವುದಿಲ್ಲ. ಪುಟದ ಕೊನೆಯಲ್ಲಿರುವ ‘ಅಶ್ವಶಕ್ತಿ’ ಸುಮಾರು 746 ವಾಟ್‌ಗೆ ಸಮ. ಅದು ಸಾಮರ್ಥ್ಯದ ಮಾನ, ಹೆಸರಿನಲ್ಲಿರುವುದು ಶಕ್ತಿ. ‘ಅಶ್ವಸಾಮರ್ಥ್ಯ’ವೆಂದರೆ ಶಾಸ್ತ್ರಶುದ್ಧವಾದೀತು. ಆದರೂ ರೂಢಿಯನ್ನು ಮನ್ನಿಸಿ ‘ಅಶ್ವಶಕ್ತಿ’ಯನ್ನೇ ಉಳಿಸಿ, ‘ಇದು ಸಾಮರ್ಥ್ಯದ ಏಕಮಾನ’ ಎಂಬ ವಾಕ್ಯವೊಂದನ್ನು ಅದರ ಪಕ್ಕದಲ್ಲಿ ಸೇರಿಸಿದ್ದೇನೆ. ಪಂಪ್‌ಸೆಟ್ಟಿನ ರೈತರಂತೂ ಎರಡನ್ನೂ ಬಿಟ್ಟು ‘ಐದು ಎಚ್‌ಪಿ ಮೋಟರು’ ಎನ್ನುತ್ತಾರೆ.