ಸುರಕ್ಷತಾ ಚಿಹ್ನೆಗಳ ಬಣ್ಣ ಮತ್ತು ಆಕಾರ

ಸುರಕ್ಷತಾ ಚಿಹ್ನೆ ಎಂದರೆ ಕೆಲಸದ ಸ್ಥಳ ಹಾಗೂ ಸಾರ್ವಜನಿಕ ಕಟ್ಟಡಗಳಲ್ಲಿ ಅಪಾಯ ಅಥವಾ ರಕ್ಷಣೆಗೆ ಸಂಬಂಧಿಸಿದ ಸಂದೇಶವನ್ನು ಬಣ್ಣ, ಆಕಾರ ಮತ್ತು ಚಿತ್ರಗಳ ಮೂಲಕ ತಿಳಿಸುವ ಫಲಕ. ಇದರ ವಿನ್ಯಾಸದ ನಿಯಮಗಳನ್ನು ಅಂತಾರಾಷ್ಟ್ರೀಯ ಮಾನಕವಾದ ಐಎಸ್‌ಒ 3864-1 ನಿಗದಿಪಡಿಸುತ್ತದೆ. ಬಳಸಬೇಕಾದ ಚಿತ್ರಗಳನ್ನು ಐಎಸ್‌ಒ 7010 ಪಟ್ಟಿ ಮಾಡುತ್ತದೆ. ಭಾರತದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಮಾನಕ ಐಎಸ್ 9457.

## ಪ್ರಕಾರಗಳು

* ನಿಷೇಧ: ಬಿಳಿ ಹಿನ್ನೆಲೆಯ ಮೇಲೆ ಕೆಂಪು ವೃತ್ತ. ಎಡಮೇಲಿನಿಂದ ಬಲಕೆಳಕ್ಕೆ ಕೆಂಪು ಓರೆಪಟ್ಟಿ ಇರುತ್ತದೆ, ಚಿತ್ರ ಕಪ್ಪು. ತೋರಿಸಿದ ಕೆಲಸವನ್ನು ಮಾಡಬಾರದು ಎಂದರ್ಥ.
* ಎಚ್ಚರಿಕೆ: ಕಪ್ಪು ಅಂಚಿನ ಹಳದಿ ತ್ರಿಕೋನ, ಚಿತ್ರ ಕಪ್ಪು. ತೋರಿಸಿದ ಅಪಾಯ ಅಲ್ಲಿದೆ ಎಂದರ್ಥ.
* ಕಡ್ಡಾಯ: ನೀಲಿ ವೃತ್ತ; ಚಿತ್ರ ಬಿಳಿ. ತೋರಿಸಿದ ಕ್ರಮವನ್ನು ಪಾಲಿಸಲೇಬೇಕು ಎಂದರ್ಥ.
* ಸುರಕ್ಷಿತ ಸ್ಥಿತಿ: ಹಸಿರು ಚೌಕ ಅಥವಾ ಆಯತ, ಚಿತ್ರ ಬಿಳಿ. ತುರ್ತು ನಿರ್ಗಮನ, ಪ್ರಥಮ ಚಿಕಿತ್ಸೆ ಮುಂತಾದವು ಇರುವ ಸ್ಥಳವನ್ನು ಇದು ಸೂಚಿಸುತ್ತದೆ.

ಇವುಗಳಲ್ಲದೆ, ಅಗ್ನಿಶಾಮಕ ಸಾಧನಗಳ ಸ್ಥಳವನ್ನು ತೋರಿಸಲು ಕೆಂಪು ಚೌಕವನ್ನು ಬಳಸಲಾಗುತ್ತದೆ.

## ಬಣ್ಣ ಮತ್ತು ಆಕಾರದ ಜೋಡಣೆ

ಸಂದೇಶವನ್ನು ಬಣ್ಣವೊಂದರ ಮೇಲೆಯೇ ಅವಲಂಬಿಸಿಲ್ಲ. ಕೆಂಪು ಮತ್ತು ಹಸಿರುಗಳ ವ್ಯತ್ಯಾಸವನ್ನು ಗುರುತಿಸಲಾಗದ ವರ್ಣಾಂಧರು ನಿಷೇಧದ ವೃತ್ತವನ್ನು ನಿರ್ಗಮನದ ಚೌಕದಿಂದ ಆಕಾರದ ಮೂಲಕವೇ ಬೇರ್ಪಡಿಸಬಲ್ಲರು. ಮಂದ ಬೆಳಕಿನಲ್ಲಿ ಅಥವಾ ಬಣ್ಣ ಮಾಸಿದ ಫಲಕದಲ್ಲಿಯೂ ಇದು ನೆರವಾಗುತ್ತದೆ. ನಿಷೇಧ ಮತ್ತು ಕಡ್ಡಾಯ ಚಿಹ್ನೆಗಳೆರಡೂ ವೃತ್ತಾಕಾರವಾಗಿರುವುದರಿಂದ ಅವುಗಳ ನಡುವೆ ಓರೆಪಟ್ಟಿಯೇ ಮುಖ್ಯ ವ್ಯತ್ಯಾಸ.

## ಉದಾಹರಣೆ: ಅನಿಲ ಸಿಲಿಂಡರ್ ಕೊಠಡಿ

ಅಡುಗೆ ಅನಿಲದ ಸಿಲಿಂಡರ್‌ಗಳನ್ನು ಇರಿಸಿದ ಕೊಠಡಿಯಲ್ಲಿ ಬೆಂಕಿಯ ಚಿತ್ರ ಮೂರು ಬಗೆಯ ಫಲಕಗಳಲ್ಲಿ ಕಾಣಬಹುದು. ಹಳದಿ ತ್ರಿಕೋನದಲ್ಲಿರುವ ಜ್ವಾಲೆಯು ಒಳಗಿನ ವಸ್ತು ಸುಲಭವಾಗಿ ಹೊತ್ತಿಕೊಳ್ಳುತ್ತದೆ ಎನ್ನುತ್ತದೆ. ಕೆಂಪು ವೃತ್ತದಲ್ಲಿ ಓರೆಪಟ್ಟಿ ಎಳೆದ, ಉರಿಯುವ ಬೆಂಕಿಕಡ್ಡಿಯು ಅಲ್ಲಿ ಬೆಂಕಿ ಹಚ್ಚುವುದನ್ನು ನಿಷೇಧಿಸುತ್ತದೆ. ಕೆಂಪು ಚೌಕದಲ್ಲಿ ಅಗ್ನಿಶಾಮಕದ ಪಕ್ಕದಲ್ಲಿರುವ ಜ್ವಾಲೆಯು ಬೆಂಕಿ ನಂದಿಸುವ ಸಾಧನ ಎಲ್ಲಿದೆ ಎಂಬುದನ್ನು ತಿಳಿಸುತ್ತದೆ. ಚಿತ್ರವು ವಿಷಯವನ್ನು ಹೇಳಿದರೆ, ಅದರ ಬಗ್ಗೆ ಏನು ಮಾಡಬೇಕು ಎಂಬುದನ್ನು ಬಣ್ಣ ಮತ್ತು ಆಕಾರ ಹೇಳುತ್ತವೆ.

ಆದ್ದರಿಂದ ನಿಷೇಧದ ಚಿಹ್ನೆಯಲ್ಲಿ ಓರೆಪಟ್ಟಿಯನ್ನು ಬಿಟ್ಟರೆ ಬೆಂಕಿಕಡ್ಡಿ ಬಳಸಬಹುದು ಎಂದು ತಪ್ಪಾಗಿ ತಿಳಿಯುವ ಸಾಧ್ಯತೆ ಇದೆ. ಅದೇ ಚಿತ್ರವನ್ನು ಹಸಿರು ಚೌಕದಲ್ಲಿ ಬರೆದರೆ ನಿಷೇಧವು ಅನುಮತಿಯಂತೆ ತೋರುತ್ತದೆ. ಚಿತ್ರದ ಅರ್ಥ ಸ್ಪಷ್ಟವಾಗದ ಕಡೆ ಕೆಳಗೆ ಸ್ಥಳೀಯ ಭಾಷೆಯ ಪಠ್ಯವಿರುವ ಪೂರಕ ಫಲಕವನ್ನು ಸೇರಿಸಬಹುದು.

## ರಸ್ತೆ ಚಿಹ್ನೆಗಳೊಂದಿಗೆ ಹೋಲಿಕೆ

ಈ ನಿಯಮಗಳು ರಸ್ತೆ ಸಂಚಾರ ಚಿಹ್ನೆಗಳಿಗೆ ಅನ್ವಯಿಸುವುದಿಲ್ಲ. ಭಾರತದ ರಸ್ತೆಗಳಲ್ಲಿ ಎಚ್ಚರಿಕೆಯ ತ್ರಿಕೋನಕ್ಕೆ ಕೆಂಪು ಅಂಚು ಮತ್ತು ಬಿಳಿ ಹಿನ್ನೆಲೆ ಇರುತ್ತದೆ. ವೇಗಮಿತಿಯ ಕೆಂಪು ವೃತ್ತದಲ್ಲಿ ಓರೆಪಟ್ಟಿ ಇಲ್ಲದಿದ್ದರೂ ಅದು ಮಿತಿಯನ್ನು ಮೀರಬಾರದೆಂದು ಸೂಚಿಸುತ್ತದೆ.